ಎರೆ ಮಣ್ಣು ಮೆತ್ತಿದ ಮಾಳಿಗೆ

ಹಿಂದೆಲ್ಲ ಬೇಸಿಗೆಯಲ್ಲಿ ಅತ್ತೆ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಕೂತು ಹೊಸ ಮಣ್ಣು ಬಡಿಯುತ್ತಿದ್ದಳು, ಮುನವ್ವರ್ ಬೀ ಕೆಳಗಿನಿಂದ ಬುಟ್ಟಿ ಕೊಡುತ್ತಿದ್ದಳು. ಅತ್ತೆ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಗಂಡ ಕುತುಬುದ್ದೀನ್ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ. ಊರಿಗೆ ಬಂದರೆ ತಿಂಗಳಿಗೊಮ್ಮೆ. ಬಾಗಲವಾಡದ ಮನೆಯಲ್ಲಿ ಉಳಿದದ್ದು ಅವಳು ಮತ್ತು ಏಳು ತಿಂಗಳ ಹಸೀನಾ. ತೊಟ್ಟಿಲು ತಾಳುವ ಗಟ್ಟಿ ತೊಲೆ ಇದ್ದದ್ದು ಒಂದೇ. ಹೋದ ವರ್ಷ ಮಾಳಿಗೆ ಸೋರಿದ್ದೂ ಅಲ್ಲಿಯೇ. ಜೂನಿನ ಮಿರಗದ ಮಳೆ ಬರುವುದರೊಳಗೆ ಆ ಸೋರಿಕೆಯನ್ನು ಮುಚ್ಚಬೇಕಿತ್ತು.

ಮಾಳಿಗೆಗೆಂದು ಪ್ರತಿವರ್ಷ ಕರಲು ಎಂಬ ಬೆಳ್ಳನೆಯ ಚೌಳು ಮಣ್ಣು ಅಗೆಯುತ್ತಿದ್ದ ಜಾಗದಲ್ಲಿ ಈಗ ಯಾರೋ ನೆಲ್ಲು ಹಚ್ಚಿದ್ದರು. ಅವಳು ಗದ್ದೆಯ ಒಡ್ಡನ್ನೇ ನೋಡುತ್ತ ನಿಂತಳು. ಹನಿ ನೀರು ಬಿಡದ ಈ ಕಪ್ಪು ಎರೆ ಮಣ್ಣು ಮಾಳಿಗೆಯಲ್ಲಿ ಬಿಟ್ಟೀತೇ ಎನಿಸಿತು. ಎರಡು ದಿನ ಹೊತ್ತು, ಕಲಸಿ ಮೆತ್ತಿದಳು. ಮೂರನೆಯ ದಿನ ಮೇಲೆ ಹತ್ತಿದರೆ ಮಾಳಿಗೆಯ ತುಂಬ ಬೆರಳು ತೂರುವಷ್ಟು ಬಿರುಕು.

ಪಕ್ಕದ ಮಾಳಿಗೆಯಲ್ಲಿ ಶಾವಿಗೆ ಒಣಗಿಸುತ್ತಿದ್ದ ಬಂಡೆಮ್ಮ ಇಣುಕಿದಳು.

"ಏನ್ ಬೇ ಮುನವ್ವರ, ಮಾಳಗಿ ಮ್ಯಾಲ ಹತ್ತಿ ಬಿತ್ತಾಕತ್ತೀಯೇನು?"

"ಒಡ್ಡಿನಾಗ ನೀರು ತಡೀತದಲ್ಲಕ್ಕಾ..."

"ಒಡ್ಡು ಯಾವಾಗ್ಲೂ ಹಸಿ ಇರತದ. ನಿನ್ನ ಮಾಳಗಿ ಬಿಸಲಾಗ ಬಿದ್ದದ. ಎರಿ ಒಣಗಿದ್ರ ಬಾಯಿ ಬಿಡತದ. ಎಲ್ಲಾ ಕೆರದು ತಗಿ. ಕರ್ಲು ಬೇಕಂದ್ರ ನಮ್ಮ ಹೊಲಕ್ಕ ಹೋಗು. ಕಾಲುವಿ ನೀರು ನಿಂತು ಮೂಲಿಯೆಲ್ಲಾ ಬೆಳ್ಳಗಾಗ್ಯದ, ನಮಗಂತೂ ಅದ್ರಾಗ ಒಂದು ಕಾಳೂ ಬೆಳಿಯೂದಿಲ್ಲ."

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಬಂಡೆಮ್ಮನ ಹೊಲದಿಂದ ಬುಟ್ಟಿಯಲ್ಲಿ ಕರಲು ಹೊತ್ತು ತಂದಳು. ಅರ್ಧ ಮಣ್ಣಿಗೆ ಹೊಟ್ಟು ಸೇರಿಸಿ, ನೀರು ಬಿಟ್ಟು ಕೊಳೆಯಲು ಇಟ್ಟು, ಐದು ದಿನ ಬಿಡದೆ ತುಳಿದಳು. ಮಾಳಿಗೆಯ ಮೇಲಿನ ಎರೆಯನ್ನು ಕೆರೆದು ತೆಗೆದು, ಹಳೆಯ ಮಣ್ಣಿಗೆ ನೀರು ಚಿಮುಕಿಸಿ, ಉಳಿದ ಕರಲನ್ನು ಎರಡು ಬೆರಳು ದಪ್ಪ ಹರವಿ ಮರದ ಕೊಡತಿಯಿಂದ ಬಡಿದಳು. ಒಂದು ಕೊಡ ನೀರು ಸುರಿದು, ಅದು ಎಲ್ಲೂ ನಿಲ್ಲದೆ ಮಾಳಿಗೆಯ ನೀರು ಹೊರಬೀಳುವ ದೋಣಿಯತ್ತ ಹರಿಯುವುದನ್ನು ನೋಡಿಕೊಂಡಳು. ಬಿಸಿಲು ಇಳಿದ ಮೇಲೆ ಹೊಟ್ಟಿನ ಕೆಸರು ಮೆತ್ತಿದಳು. ಬೆಳಿಗ್ಗೆ ಹೆಬ್ಬೆರಳು ಒತ್ತಿದರೆ ಗುರುತು ಮೂಡುತ್ತಿತ್ತು, ಒಳಗಿಳಿಯುತ್ತಿರಲಿಲ್ಲ. ಆ ಹದದಲ್ಲಿ ಕೂದಲೆಳೆಯಂಥ ಬಿರುಕುಗಳನ್ನೆಲ್ಲ ಒದ್ದೆ ಕೈಯಿಂದ ತಿಕ್ಕಿ ಮುಚ್ಚಿ, ಒದ್ದೆ ಗೋಣಿ ಹೊದಿಸಿದಳು. ಮಾಡು, ಬಿಡು ಎನ್ನುವ ದನಿಯೊಂದೂ ಇರಲಿಲ್ಲ. ತಾನು ಮಾತಾಡಿ ಎಷ್ಟು ಹೊತ್ತಾಯಿತೆಂದು ಅವಳಿಗೇ ತಿಳಿಯಲಿಲ್ಲ.

ಮಣ್ಣು ಒಣಗಿದ ಮೇಲೆ ಗೋಣಿ ತೆಗೆದಳು. ಮೆತ್ತಿದ ಹನ್ನೆರಡನೆಯ ದಿನ ಮಧ್ಯಾಹ್ನ ಮಳೆ ಬಂತು. ತೊಟ್ಟಿಲು ಬಿಚ್ಚಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅವಳು ತೊಲೆಯನ್ನೇ ನೋಡುತ್ತ ಕೂತಳು. ದೋಣಿಯ ನೀರು ಅಂಗಳಕ್ಕೆ ಧೋ ಎಂದು ಬೀಳುತ್ತಿತ್ತು. ತೊಲೆಯ ಕೆಳಗೆ ನೆಲ ಒಣಗಿಯೇ ಇತ್ತು.

ಮಳೆ ನಿಂತ ಮೇಲೆ ಏಣಿ ಹತ್ತಿದಳು. ಒದ್ದೆ ಮಾಳಿಗೆ ತುಳಿಯಬಾರದೆಂದು ಕಡೇ ಮೆಟ್ಟಿಲಲ್ಲೇ ನಿಂತಳು. ಮಣ್ಣು ಉಬ್ಬಿ ನುಣ್ಣಗೆ ಕೂತಿತ್ತು. ಯಾರಿಗಾದರೂ ಹೇಳೋಣವೆಂದು ಅತ್ತಿತ್ತ ನೋಡಿದಳು. ಸುತ್ತಲಿನ ಮಾಳಿಗೆಗಳೆಲ್ಲ ಖಾಲಿ. ಕೆಳಗಿಳಿದು ತೊಟ್ಟಿಲನ್ನು ಅದೇ ತೊಲೆಗೆ ಕಟ್ಟಿದಳು.