ಮುಚ್ಚಿದ ಮೇಲೂ ನಡೆದ ಮಾರುಕಟ್ಟೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿಜಯವಾಡದ ಗವರ್ನರ್‌ಪೇಟೆಯ ಷೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಮುಂಬೈಯಿಂದ ಉಪಗ್ರಹದ ಮೂಲಕ ಬರುವ ಒಂದೊಂದು ಬೆಲೆಯನ್ನೂ, ಅಂದರೆ ಟಿಕ್ಕನ್ನು, ಎಸ್‌ಕ್ಯೂಎಲ್ ಡೇಟಾಬೇಸಿಗೆ ಸೇರಿಸಿ, ಅಲ್ಲಿಂದ ಗ್ರಾಹಕರ ಹಾಲ್‌ನ ಪರದೆಗೆ ತೋರಿಸುತ್ತಿದ್ದೆ.

ಒಂದು ದಿನ ಧಾರವಾಡದಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿಯೊಬ್ಬರು, ರಜೆ ಹಾಕಿ ಬಂದವರು, ನನ್ನನ್ನು ಕೇಳಿದರು: "ಮುಂಬೈದಾಗ ಮಾರ್ಕೆಟ್ ಮುಚ್ಚಿ ಎಲ್ಲಾರೂ ಮನಿಗೆ ಹೊಂಟಾರಂತ. ನಿಮ್ಮ ಪರದೆಮ್ಯಾಲೆ ಇನ್ನೂ ಏರಾಕತ್ತದಲ್ರೀ?"

ನೋಡಿದರೆ ನಿಜ. ಡೇಟಾಬೇಸ್ ಪ್ರತಿ ಟಿಕ್ಕನ್ನೂ ಬೇರೆಬೇರೆಯಾಗಿ ಡಿಸ್ಕಿಗೆ ಬರೆದು, ಹುಡುಕಲು ನೆರವಾಗುವ ಅದರ ಇಂಡೆಕ್ಸ್ ಪಟ್ಟಿಯನ್ನು ಸರಿಪಡಿಸಿ, ಆಮೇಲೆ ಮುಂದಿನದನ್ನು ಕರೆಯುತ್ತಿತ್ತು. ಅಷ್ಟರಲ್ಲಿ ಸಾಲು ಬೆಳೆದು ಬೆಲೆಗಳು ಅರ್ಧ ಗಂಟೆ ಹಿಂದೆ ಬಿದ್ದಿದ್ದವು. ಹಾಲ್ ತುಂಬ ಜನ ಎಂದೋ ಮುಗಿದ ಏರಿಕೆಗೆ ಚಪ್ಪಾಳೆ ತಟ್ಟುತ್ತಿದ್ದರು.

ಆ ವಾರವೇ ಬದಲಾಯಿಸಿದೆ. ಪರದೆಗೆ ಬೆಲೆ ನೇರವಾಗಿ ಹೋಯಿತು. ಟಿಕ್ಕುಗಳನ್ನು ದಿನಕ್ಕೊಂದು ಸಾದಾ ಫೈಲಿನ ಕೊನೆಗೆ ಸೇರಿಸುತ್ತ ಹೋದೆ. ಅದಕ್ಕೆ ಹೊತ್ತೇ ಹಿಡಿಯುತ್ತಿರಲಿಲ್ಲ. ನಿಮಿಷಕ್ಕೊಂದು ಕ್ಯಾಂಡಲ್, ಅಂದರೆ ಆ ನಿಮಿಷದ ಮೊದಲ, ಗರಿಷ್ಠ, ಕನಿಷ್ಠ, ಕೊನೆಯ ಬೆಲೆ, ಮಾತ್ರ ಡೇಟಾಬೇಸಿಗೆ. ಜನ ಹುಡುಕಿಸುತ್ತಿದ್ದುದು ಅದನ್ನೇ.

ಮರುದಿನ ಗ್ರಾಹಕರು ಮಾಲೀಕರನ್ನು ಮುತ್ತಿಕೊಂಡರು. ಮೊದಲು ನಾಲ್ಕು ಗಂಟೆಯವರೆಗೂ ನಡೆಯುತ್ತಿದ್ದ ಮಾರ್ಕೆಟನ್ನು ಈಗ ಮೂರೂವರೆಗೇ ಮುಚ್ಚುತ್ತೀರಿ ಎಂಬುದು ಅವರ ದೂರು. ಮಾಲೀಕರು ನನ್ನನ್ನು ಕರೆದು ತೆಲುಗಿನಲ್ಲಿ ಸಮಾಧಾನವಾಗಿ ಹೇಳಿದರು: "ಪಾತದಿ ಕೂಡಾ ಪಕ್ಕನ ಪೆಟ್ಟಂಡಿ." ಹಳೆಯದನ್ನೂ ಪಕ್ಕದಲ್ಲಿಡಿ ಅಂತ.

ತಡವಾಗಿ ಓಡುವ ಹಳೆಯ ಪರದೆಯನ್ನೂ ಹೊಸದರ ಪಕ್ಕದಲ್ಲಿ ಇಟ್ಟೆ. ಬ್ಯಾಂಕ್ ಅಧಿಕಾರಿ ಚಹಾ ಹಿಡಿದು ಹಳೆಯ ಪರದೆಯ ಮುಂದೆಯೇ ಕುಳಿತರು.

"ಸರ್, ಅದು ಮುಗಿದ ಬೆಲೆ," ಎಂದೆ.

"ಗೊತ್ತದರೀ. ಹೊಸಾದ್ರಾಗ ನನ್ನ ಷೇರು ಇಳಿದದ. ಇದ್ರಾಗ ಇನ್ನೂ ಇಳಿದಿಲ್ಲ."