ಎರಡು ಸಲ ಕಳೆದ ಗೇಟು

ದೇವನಹಳ್ಳಿಯ ಒಂದು ಸೈಟಿನ ಕಾಂಪೌಂಡ್ ಕೆಲಸಕ್ಕೆ ನಾನು ಸೂಪರ್‌ವೈಸರ್. ಗೋಡೆ ನೂರಡಿ ಉದ್ದ, ಐದಡಿ ಎತ್ತರ. ಗೇಟಿನ ಹನ್ನೆರಡಡಿ ಬಿಟ್ಟು ಎಂಬತ್ತೆಂಟನ್ನು ಐದರಿಂದ ಗುಣಿಸಿದೆ. ಆಮೇಲೆ ಗ್ರಿಲ್ ಕೂರಿಸಲು ಬಿಟ್ಟ ಎರಡು ತೆರಪುಗಳ ನಲವತ್ತು ಚದರಡಿಯ ಜೊತೆ ಗೇಟಿನ ಅರವತ್ತನ್ನೂ ಕಳೆದೆ. ಉಳಿದ ಮುನ್ನೂರ ನಲವತ್ತು ಚದರಡಿಗೆ ಮುನ್ನೂರ ಎಂಬತ್ತಮೂರು ಬ್ಲಾಕ್, ಅಷ್ಟಕ್ಕೇ ಸಾಲುವ ಸಿಮೆಂಟು, ಮರಳು ತರಿಸಿದೆ.

ಗೋಡೆ ಮುಗಿಯುವ ಮೊದಲೇ ಎಲ್ಲವೂ ಖಾಲಿಯಾಯಿತು. ಇನ್ನೂ ಅರವತ್ತೇಳು ಬ್ಲಾಕ್ ಬೇಕಿತ್ತು.

“ಎಲ್ಲಿ ಹೋಯ್ತು?” ಎಂದರು ಮಾಲೀಕರು.

“ಮೇಸ್ತ್ರಿನ ಕೇಳಿ ಸಾರ್. ಅವನೂ ಊರಲ್ಲಿ ಮನೆ ಕಟ್ತಾ ಇದಾನಂತೆ,” ಎಂದೆ.

ಮೇಸ್ತ್ರಿ ಕೈ ಒರೆಸಿಕೊಂಡ. “ಬ್ಲಾಕ್ ನಾನು ಸಾಗಿಸಿದ್ರೆ, ಅದನ್ನ ಕೂರಿಸೋ ಸಿಮೆಂಟಾದ್ರೂ ಮಿಕ್ಬೇಕಿತ್ತಲ್ವಾ ಸಾರ್?”

“ಬ್ಲಾಕ್ ಕದ್ದೋನು ಸಿಮೆಂಟ್ ಬಿಡ್ತಾನೇನಪ್ಪಾ? ನಡಿ,” ಎಂದರು ಮಾಲೀಕರು.

ಆಗ ನನ್ನ ಲೆಕ್ಕದ ಚೀಟಿ ನೋಡಿದೆ. ಗೇಟನ್ನು ಎರಡು ಕಡೆ ಕಳೆದಿದ್ದೆ. ಮಡಚಿ ಜೇಬಿಗಿಟ್ಟೆ.

ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಹೊರಡುವಾಗ ಅವನು ನನ್ನನ್ನೇ ನೋಡಿದನೆಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅದು ಸುಳ್ಳಿರಬೇಕು, ನಾನು ತಲೆಯೆತ್ತಿರಲೇ ಇಲ್ಲ.

ಮರುದಿನ ಬೇರೆ ಮೇಸ್ತ್ರಿಗೆ ಅರವತ್ತೇಳು ಬ್ಲಾಕ್ ತರಿಸಿಕೊಟ್ಟೆ. ಗೋಡೆ ಮುಗಿಯಿತು. ಒಂದೂ ಮಿಗಲಿಲ್ಲ.