ಷಡ್ಡಕನಿಗೆ ಮಾತ್ರ ಮರಳಿದ ವಿಪಿಎನ್ ಹಣ

ಮಣಿಕೊಂಡದಲ್ಲೇ ಮನೆ ಮಾಡಿರುವ ನಾನು, ನನ್ನ ಷಡ್ಡಕ ಒಂದೇ ದಿನ ಒಂದೇ ಕಂಪನಿಯ ವಿಪಿಎನ್‌ಗೆ, ಅಂದರೆ ಇಂಟರ್ನೆಟ್ ಬಳಕೆಯನ್ನು ಗುಟ್ಟಾಗಿಡುವ ಸೇವೆಗೆ, ಎರಡು ವರ್ಷದ ಚಂದಾ ಕೊಂಡೆವು. ಇಬ್ಬರಿಗೂ ಇಂಟರ್ನೆಟ್ ನಿಧಾನವಾಯಿತು. ತಿಂಗಳೊಳಗೆ ಬೇಡವೆಂದರೆ ಹಣ ವಾಪಸ್ ಎಂದಿದ್ದರು. ಇಬ್ಬರೂ ಗಡುವಿನೊಳಗೇ ಕೇಳಿದೆವು. ಅವನಿಗೆ ಪೂರ್ತಿ ಬಂತು. ನನಗೆ ಬಂದದ್ದು ಉತ್ತರ ಮಾತ್ರ: ಫೋನಿನ ಆ್ಯಪ್ ಸ್ಟೋರಿನಲ್ಲಿ ಕೊಂಡಿದ್ದೀರಿ, ಅವರನ್ನೇ ಕೇಳಿ. ಸ್ಟೋರಿನವರು ತಮ್ಮ ನಿಯಮದಂತೆ ಆಗದು ಎಂದರು.

"ಕೋಠಿ ಬಜಾರದಾಗ ಒಂದು ಸೀರಿಗೆ ತಾಸುಗಟ್ಟಲೆ ಚೌಕಾಸಿ ಮಾಡ್ತೀರಿ ಅಣ್ಣಾ, ಷರತ್ತು ಓದಾಕ ಪುರಸೊತ್ತಿರಲಿಲ್ಲೇನ್ರಿ? ನಾ ಓದಿ, ಕಂಪನಿ ವೆಬ್‌ಸೈಟಿನ್ಯಾಗ ತಗೊಂಡೆ" ಎಂದು ಷಡ್ಡಕ ನಕ್ಕ.

ಹೋದ ಹಣಕ್ಕಿಂತ, ಪಕ್ಕದಲ್ಲಿದ್ದ ನನ್ನ ಹೆಂಡತಿ ಅವನನ್ನು ಮೆಚ್ಚಿ ನೋಡಿದ್ದು ಹೆಚ್ಚು ಉರಿಸಿತು. ಈಗ ಯಾರೇ ವಿಪಿಎನ್ ಎಂದರೂ, ಕೊಳ್ಳುವ ಜಾಗದ ಷರತ್ತು ಮೊದಲು ಓದಿ ಎನ್ನುತ್ತೇನೆ, ಷಡ್ಡಕ ಬಾಯಿ ತೆರೆಯುವ ಮುಂಚೆಯೇ.